ಛೇದದಲ್ಲಿ ಫ್ಯಾಕ್ಟೋರಿಯಲ್ ಕಂಡರೆ

1, 4, 9, 16, 25: ಇವು ವರ್ಗಸಂಖ್ಯೆಗಳು. 1, 2, 6, 24, 120: ಇವು ಫ್ಯಾಕ್ಟೋರಿಯಲ್‌ಗಳು, ಅಂದರೆ ಒಂದರಿಂದ ಹಿಡಿದು ಆ ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸಿದಾಗ ಸಿಗುವ ಸಂಖ್ಯೆಗಳು. ಮೊದಲ ಸಾಲಿನ ಒಂದೊಂದನ್ನೂ ಎರಡನೇ ಸಾಲಿನಲ್ಲಿ ಅದೇ ಜಾಗದಲ್ಲಿರುವುದರಿಂದ ಭಾಗಿಸಿ, ಬಂದದ್ದನ್ನು ಕೂಡಿಸುತ್ತ ಹೋಗೋಣ.

1/1 + 4/2 + 9/6 + 16/24 + 25/120 + …

ಮೊದಲ ಪದ 1, ಎರಡನೆಯದು 2, ಮೂರನೆಯದು 1.5. ಅಲ್ಲಿಂದ ಮುಂದೆ ಪದಗಳು ಬೇಗ ಬೇಗ ಕುಗ್ಗುತ್ತವೆ. ಐದು ಪದ ಕೂಡಿಸಿದರೆ 5.375, ಏಳು ಪದಕ್ಕೆ 5.4347, ಹತ್ತು ಪದಕ್ಕೆ 5.43656. ಆಮೇಲೆ ಎಷ್ಟು ಕೂಡಿಸಿದರೂ ಈ ಐದು ದಶಮಾಂಶಗಳು ಕದಲುವುದಿಲ್ಲ. ಉತ್ತರ ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎನ್ನುವುದು ಕ್ಯಾಲ್ಕುಲೇಟರ್‌ನಿಂದಲೇ ಗೊತ್ತಾಯಿತು. ನಿಂತದ್ದು ಯಾವ ಸಂಖ್ಯೆಯ ಮೇಲೆ ಎಂಬುದನ್ನು ಮಾತ್ರ ಅದು ಹೇಳಲಾರದು.

ಸುಳಿವು ಛೇದದಲ್ಲಿದೆ. ಫ್ಯಾಕ್ಟೋರಿಯಲ್‌ಗಳು ಛೇದದಲ್ಲಿ ಕೂತಿರುವ ಅನಂತ ಶ್ರೇಣಿಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಘಾತೀಯ ಶ್ರೇಣಿ.

e = 1/0! + 1/1! + 1/2! + 1/3! + …

ಇಲ್ಲಿ 0! ಎಂದರೆ 1. ಮೊತ್ತ 2.71828…, ಗಣಿತಜ್ಞ ಆಯ್ಲರ್ e ಎಂಬ ಅಕ್ಷರ ಕೊಟ್ಟ ಸಂಖ್ಯೆ. 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಈ ಶ್ರೇಣಿಯಿಂದಲೇ ಅದರ ಬೆಲೆಯನ್ನು ಹಲವು ದಶಮಾಂಶಗಳವರೆಗೆ ಲೆಕ್ಕ ಹಾಕಿ ತೋರಿಸಿದ್ದಾನೆ. ನಮ್ಮ 5.43656ನ್ನು ಎರಡರಿಂದ ಭಾಗಿಸಿ ನೋಡಿ: 2.71828. ಹಾಗಾದರೆ ಮೊತ್ತ 2e ಇರಬೇಕು. ಏಕೆ ಎಂಬುದೇ ಈಗಿನ ಪ್ರಶ್ನೆ.

ಉತ್ತರದ ಗುಟ್ಟು n² ಅನ್ನು ಬರೆಯುವ ಬಗೆಯಲ್ಲಿದೆ. n! ಎಂಬುದನ್ನು ಬಿಡಿಸಿದರೆ n × (n−1) × (n−2) × … × 1. ಅಂಶದಲ್ಲಿ n ಒಂದೇ ಇದ್ದರೆ ಛೇದದ n ಜೊತೆ ಹೊಡೆದುಹೋಗಿ 1/(n−1)! ಉಳಿಯುತ್ತದೆ. ಆದರೆ n² ಎಂದರೆ n × n. ಮೊದಲ n ಹೊಡೆದುಹೋಗುತ್ತದೆ, ಎರಡನೆಯದಕ್ಕೆ ಕೆಳಗೆ ಜೋಡಿ ಇಲ್ಲ. ಅಲ್ಲಿ ಮುಂದೆ ಇರುವುದು n−1. ಆದ್ದರಿಂದ ಎರಡನೇ n ಅನ್ನು (n−1) + 1 ಎಂದು ಒಡೆಯಬೇಕು. ಆಗ

n² = n(n−1) + n

ಎಂದಾಗುತ್ತದೆ. n = 5 ಹಾಕಿ ಪರೀಕ್ಷಿಸಿದರೆ 20 + 5 = 25, ಸರಿಯಾಗಿದೆ. ಈಗ n! ನಿಂದ ಭಾಗಿಸಿದರೆ ಮೊದಲ ಭಾಗದಲ್ಲಿ n ಮತ್ತು n−1 ಎರಡೂ ಹೋಗಿ 1/(n−2)! ಉಳಿಯುತ್ತದೆ, ಎರಡನೆಯದರಲ್ಲಿ 1/(n−1)!. ಪ್ರತಿ ಪದವೂ ಹೀಗೆ ಎರಡಾಗಿ, ಒಂದು ಶ್ರೇಣಿಯ ಜಾಗದಲ್ಲಿ ಎರಡು ಸರಳ ಶ್ರೇಣಿಗಳು ಬರುತ್ತವೆ. ಅನಂತ ಶ್ರೇಣಿಯನ್ನು ಮನಬಂದಂತೆ ಒಡೆಯುವ ಹಾಗಿಲ್ಲ. ಇಲ್ಲಿ ಎರಡು ಭಾಗಗಳೂ ತಮ್ಮಷ್ಟಕ್ಕೆ ತಾವೇ ಒಂದು ಬೆಲೆಗೆ ನಿಲ್ಲುವುದರಿಂದ ಒಡೆಯುವುದು ಸರಿ.

ಇನ್ನು ಸೂಚಿಯನ್ನು ಹೊಂದಿಸಿಕೊಳ್ಳುವ ಕೆಲಸ. n = 1, 2, 3… ಎಂದು ಬೆಲೆ ಹಾಕುತ್ತ ಹೋದರೆ 1/(n−1)! ಎಂಬುದು 1/0!, 1/1!, 1/2!… ಆಗುತ್ತದೆ. ಇದು ಘಾತೀಯ ಶ್ರೇಣಿಯೇ, ಎಣಿಕೆ ಮಾತ್ರ ಒಂದು ಹೆಜ್ಜೆ ಮುಂದೆ. m = n−1 ಎಂದು ಹೊಸ ಸೂಚಿ ಇಟ್ಟುಕೊಂಡರೆ m ಸೊನ್ನೆಯಿಂದ ಹೊರಡುತ್ತದೆ, ಮೊತ್ತ e. ಬೀದಿಯ ಮನೆಗಳಿಗೆ ಪುರಸಭೆಯವರು ಹೊಸ ನಂಬರು ಬರೆದ ಮಾತ್ರಕ್ಕೆ ಮನೆಗಳೇನೂ ಹೆಚ್ಚುಕಡಿಮೆ ಆಗುವುದಿಲ್ಲವಲ್ಲ, ಇದೂ ಹಾಗೆಯೇ. 1/(n−2)! ಇರುವ ಭಾಗದಲ್ಲಿ ಎಣಿಕೆ n = 2ರಿಂದ ಶುರು; m = n−2 ಎಂದರೆ ಅದೂ 1/0! ನಿಂದ ಹೊರಟು e ಕೊಡುತ್ತದೆ. ಎರಡು e ಸೇರಿ 2e.

1/(n−2)! ಇರುವ ಭಾಗದಲ್ಲಿ n = 1 ಎಲ್ಲಿಗೆ ಹೋಯಿತು? ತಪ್ಪುವುದು ಸಾಮಾನ್ಯವಾಗಿ ಇಲ್ಲೇ. n = 1 ಹಾಕಿದರೆ 1/(−1)! ಬರುತ್ತದಲ್ಲ, ಅದಕ್ಕೆ ಏನು ಬೆಲೆ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಹೊಡೆದುಹಾಕುವ ಮುಂಚಿನ ರೂಪಕ್ಕೆ ಹಿಂತಿರುಗಿದರೆ ಗೊಂದಲವಿಲ್ಲ. ಅಲ್ಲಿರುವುದು n(n−1)/n!; n = 1 ಆದಾಗ ಅಂಶವೇ ಸೊನ್ನೆ, ಪದವೂ ಸೊನ್ನೆ. ಅದನ್ನು ಮೊದಲೇ ಬಿಟ್ಟು, n = 2ರಿಂದ ಮುಂದಕ್ಕೆ ಮಾತ್ರ ಹೊಡೆದುಹಾಕಬೇಕು. ಇದೇ ಉಪಾಯ ಘನಗಳಿಗೂ ಒಗ್ಗುತ್ತದೆ.

n³ = n(n−1)(n−2) + 3n(n−1) + n

ಮೂರು ಭಾಗಗಳಿಂದ ಕ್ರಮವಾಗಿ e, 3e, e ಬಂದು n³/n! ಗಳ ಮೊತ್ತ 5e ಆಗುತ್ತದೆ.

ಶುರು ಎಲ್ಲಿಂದ ಎನ್ನುವುದು ಉತ್ತರವನ್ನೇ ಬದಲಿಸುವ ಉದಾಹರಣೆಯನ್ನೂ ನೋಡೋಣ. ಛೇದದಲ್ಲಿ n! ಬದಲು (n+1)! ಇದೆ, ಅಂಶ n² ಹಾಗೇ ಇದೆ, n ಒಂದರಿಂದ ಹೊರಡುತ್ತದೆ ಎನ್ನೋಣ. ಈಗ ಛೇದದ ತುದಿಯಲ್ಲಿರುವುದು n+1. ಅದಕ್ಕೆ ತಕ್ಕಂತೆ ಅಂಶವನ್ನು n+1 ಮತ್ತು n ಗಳ ಗುಣಲಬ್ಧದಲ್ಲಿ ಬರೆಯಬೇಕು.

n² = (n+1)n − (n+1) + 1

(n+1)! ನಿಂದ ಭಾಗಿಸಿದರೆ 1/(n−1)!, 1/n!, 1/(n+1)! ಎಂಬ ಮೂರು ಶ್ರೇಣಿಗಳು. ನಡುವಿನದಕ್ಕೆ ಕಳೆಯುವ ಚಿಹ್ನೆ. ಮೂರನ್ನೂ ಕಣ್ಣುಮುಚ್ಚಿ e ಎಂದುಕೊಂಡರೆ ಉತ್ತರ e ಎಂದು ಬಂದುಬಿಡುತ್ತದೆ. ಆದರೆ n ಒಂದರಿಂದ ಹೊರಟಾಗ ಮೊದಲನೆಯದು 1/0! ನಿಂದ ಶುರುವಾಗುತ್ತದೆ, ಹಾಗಾಗಿ ಪೂರ್ತಿ e. ಎರಡನೆಯದು 1/1! ನಿಂದ ಶುರು, ಮೊದಲ ಪದ 1 ಅದರಲ್ಲಿಲ್ಲ, ಆದ್ದರಿಂದ e − 1. ಮೂರನೆಯದು 1/2! ನಿಂದ ಶುರು, 1 ಮತ್ತು 1 ಎರಡೂ ಇಲ್ಲ, ಆದ್ದರಿಂದ e − 2. ಸೇರಿಸಿದರೆ e − (e − 1) + (e − 2), ಅಂದರೆ e − 1, ಸುಮಾರು 1.71828.

ಸರಿಯೇ ಎಂದು ತಿಳಿಯಲು ಮೊದಲ ಆರು ಪದಗಳು ಸಾಕು: 1/2 + 4/6 + 9/24 + 16/120 + 25/720 + 36/5040 = 1.716 ಚಿಲ್ಲರೆ. ತಪ್ಪು ಉತ್ತರ e ಆಗಿದ್ದರೆ 2.718 ಕಡೆಗೆ ಹೋಗಬೇಕಿತ್ತು. ಫ್ಯಾಕ್ಟೋರಿಯಲ್ ಛೇದದಲ್ಲಿರುವ ಇಂಥ ಶ್ರೇಣಿಗಳು ಬೇಗ ಕುಗ್ಗುವುದರಿಂದ ಐದಾರು ಪದ ಕೂಡಿಸಿದರೇ ಒಂದರ ಲೆಕ್ಕದ ತಪ್ಪು ಬಯಲಾಗುತ್ತದೆ.

ಈ ದಾರಿ ಎಲ್ಲಿ ನಿಂತುಹೋಗುತ್ತದೆ ಎಂಬುದೂ ಗೊತ್ತಿರಬೇಕು. ಅಂಶದಲ್ಲಿ n ನ ಯಾವ ಬಹುಪದೋಕ್ತಿ ಇದ್ದರೂ ಅದನ್ನು n, n(n−1), n(n−1)(n−2) ಎಂದು ಇಳಿಯುತ್ತ ಹೋಗುವ ಗುಣಲಬ್ಧಗಳಾಗಿ ಒಡೆಯಬಹುದು, ಕೆಲಸ ಮುಗಿಯಿತು. ಹೆಚ್ಚುವರಿ n ಛೇದಕ್ಕೆ ಇಳಿದು 1/(n × n!) ಆದರೆ ಹೊಡೆದುಹಾಕಲು ಮೇಲೆ ಏನೂ ಇರುವುದಿಲ್ಲ. ಆ ಶ್ರೇಣಿಯೂ 1.3179ರ ಹತ್ತಿರ ನಿಲ್ಲುತ್ತದೆ. ಆದರೆ ಈ ಒಡೆಯುವ ಉಪಾಯ ನಮ್ಮನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ. ನೋಡಲು ಅದರಂತೆಯೇ ಇರುವ 1/((n+2) × n!) ಮಾತ್ರ ಬಗ್ಗುತ್ತದೆ. ಮೇಲೆ ಕೆಳಗೆ n+1 ರಿಂದ ಗುಣಿಸಿದರೆ ಛೇದ (n+2)! ಆಗುತ್ತದೆ, ಅಂಶ n+1. ಅದನ್ನು (n+2) − 1 ಎಂದು ಬರೆದರೆ ಪದವು 1/(n+1)! − 1/(n+2)! ಎಂದಾಗುತ್ತದೆ. n ಸೊನ್ನೆಯಿಂದ ಹೊರಟರೆ ಪ್ರತಿ ಪದದ ಬಾಲ ಮುಂದಿನ ಪದದ ತಲೆಯೊಂದಿಗೆ ಹೊಡೆದುಹೋಗಿ ಉತ್ತರ ಬರಿಯ 1, e ಮಾಯವಾಗುತ್ತದೆ.

ಪರೀಕ್ಷೆಯ ಹಾಳೆಯ ಆಚೆಗೆ ಇದೇ ಲೆಕ್ಕ ಸಂಖ್ಯಾಶಾಸ್ತ್ರದಲ್ಲಿ ದಿನನಿತ್ಯ ಬೇಕಾಗುತ್ತದೆ. ಪ್ರತಿ ಪದಕ್ಕೂ xⁿ ಸೇರಿಸಿ n²xⁿ/n! ಗಳನ್ನು ಕೂಡಿಸಿದರೆ ಹೆಜ್ಜೆಗಳೆಲ್ಲ ಅವೇ. ಸೂಚಿ ಎರಡು ಹೆಜ್ಜೆ ಸರಿದ ಭಾಗದಿಂದ x² ಹೊರಗೆ ಬರುತ್ತದೆ, ಒಂದು ಹೆಜ್ಜೆ ಸರಿದ ಭಾಗದಿಂದ x. ಮೊತ್ತ (x² + x)eˣ. ಅಪರೂಪದ ಘಟನೆಗಳನ್ನು ಎಣಿಸುವ ಪಾಯ್ಸಾನ್ ನಿಯಮದಲ್ಲಿ, ಸರಾಸರಿ x ಇದ್ದಾಗ ಘಟನೆ ಸರಿಯಾಗಿ n ಸಲ ನಡೆಯುವ ಸಂಭವನೀಯತೆ xⁿ/n! ಅನ್ನು eˣ ನಿಂದ ಭಾಗಿಸಿದಷ್ಟು. ಹಾಗಾಗಿ ಆ ನಿಯಮ ನಿಜವಾದರೆ n² ನ ಸರಾಸರಿ x² + x ಆಗಲೇಬೇಕು.

ಇದನ್ನು ಒರೆಗೆ ಹಚ್ಚಲು ಒಂದು ಹಳೆಯ ಪಟ್ಟಿ ಇದೆ. ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಲಾಡಿಸ್ಲಾಸ್ ಬೋರ್ಟ್‌ಕೆವಿಚ್ 1898ರ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಅದರಲ್ಲಿ 10 ಸೇನಾ ವಿಭಾಗಗಳ 20 ವರ್ಷಗಳ ದಾಖಲೆ ತೆಗೆದುಕೊಂಡರೆ ಒಟ್ಟು 200 ನಮೂದುಗಳು. 109ರಲ್ಲಿ ಸಾವಿಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, 1ರಲ್ಲಿ ನಾಲ್ಕು. ಸಾವುಗಳ ಮೊತ್ತ 122, ಸರಾಸರಿ 0.61. ಈಗ ವರ್ಗಗಳನ್ನು ಕೂಡಿಸೋಣ: 65 × 1, 22 × 4, 3 × 9, 1 × 16, ಒಟ್ಟು 196. 200ರಿಂದ ಭಾಗಿಸಿದರೆ 0.98. ನಮ್ಮ ಸೂತ್ರ ಹೇಳುವುದು 0.61 × 0.61 + 0.61, ಅಂದರೆ 0.9821.

ಈ ಹೋಲಿಕೆ ತಜ್ಞರಿಗೆ ಒಂದು ಪರೀಕ್ಷೆಯೇ ಆಗಿದೆ. n² ನ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದರೆ ಸಿಗುವುದು ವಿಚಲನೆ. x² + x ನಲ್ಲಿ x² ಕಳೆದರೆ x ಉಳಿಯುತ್ತದೆ. ಅಂದರೆ ಪಾಯ್ಸಾನ್ ನಿಯಮಕ್ಕೆ ಒಳಪಟ್ಟ ಎಣಿಕೆಯಲ್ಲಿ ಸರಾಸರಿಯೂ ವಿಚಲನೆಯೂ ಒಂದೇ. ಕುದುರೆಗಳ ಪಟ್ಟಿಯಲ್ಲಿ ಅವು 0.61 ಮತ್ತು 0.608. ವಿಚಲನೆ ಸರಾಸರಿಗಿಂತ ಬಹಳ ಹೆಚ್ಚಾಗಿ ಕಂಡಿದ್ದರೆ, ಕೆಲವು ವಿಭಾಗಗಳಲ್ಲಿ ಅಪಾಯ ಉಳಿದವುಗಳಿಗಿಂತ ಹೆಚ್ಚಿತ್ತು ಅಥವಾ ಒಂದು ಅಪಘಾತ ಇನ್ನೊಂದನ್ನು ಎಳೆದು ತರುತ್ತಿತ್ತು ಎಂದು ಹುಡುಕಬೇಕಾಗುತ್ತಿತ್ತು. ಈ ಪರೀಕ್ಷೆಯಲ್ಲಿ ಸರಾಸರಿಗೆ ಹೋಲಿಸುವ ಆ x ಬಂದದ್ದು n² ಅನ್ನು ಒಡೆದಾಗ ಹೊರಗುಳಿದ ಆ ಒಂಟಿ n ನಿಂದ.