ಪೋಸ್ಟರಿಗೆ ಅಂಕ: ಮೊದಲು ಎರಡು ಮಾರು ದೂರದಿಂದ

ವಿಜ್ಞಾನ ಸಮ್ಮೇಳನದ ಪೋಸ್ಟರ್ ಹಾಲಿಗೆ ತೀರ್ಪುಗಾರರು ಕಾಲಿಟ್ಟರೆ ವಿದ್ಯಾರ್ಥಿಗಳು ಸುಮ್ಮನಿರುವುದಿಲ್ಲ. ಬೋರ್ಡಿನ ಹತ್ತಿರ ಬರುವುದಕ್ಕೂ ಬಿಡದೆ "ಸರ್, ನಾವು ಏನ್ ಮಾಡಿದ್ವಿ ಅಂದ್ರೆ..." ಎಂದು ಶುರು ಮಾಡುತ್ತಾರೆ. ಬಾಯಿಪಾಠ ಮಾಡಿಕೊಂಡ ಎರಡು ನಿಮಿಷದ ಮಾತು ಮುಗಿಯುವ ಹೊತ್ತಿಗೆ ಫಲಿತಾಂಶ ಕೇಳುಗರ ತಲೆಗೆ ಹೋಗಿರುತ್ತದೆ. ಆಮೇಲೆ ಪೋಸ್ಟರ್ ನೋಡಿದರೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಸ್ಪಷ್ಟ ಮಾಡಿದ್ದು ಮಾತೋ, ಹಾಳೆಯೋ ಎಂದು ಬೇರ್ಪಡಿಸುವುದು ಆಮೇಲೆ ಯಾರಿಂದಲೂ ಆಗದ ಕೆಲಸ.

ಹಾಗಾಗಿ ಪೋಸ್ಟರಿಗೆ ಅಂಕ ಹಾಕುವವರು ಮಾಡಬೇಕಾದ ಮೊದಲ ಕೆಲಸ ಮಾತು ಕೇಳದಿರುವುದು. ಎರಡು ಮಾರು ದೂರದಲ್ಲಿ ನಿಂತು ಹತ್ತು ಸೆಕೆಂಡು ನೋಡಬೇಕು. ನಂತರ ಬೆನ್ನು ತಿರುಗಿಸಿ, "ಇವರು ಕಂಡುಕೊಂಡದ್ದು ಇದು" ಎಂದು ಅಂಕಪಟ್ಟಿಯ ಮೇಲೆ ಒಂದೇ ವಾಕ್ಯ ಬರೆದುಕೊಳ್ಳಬೇಕು. ವಾಕ್ಯ ಹೊಳೆಯದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ಕೊನೆಗೆ ಪೋಸ್ಟರಿನ ತೀರ್ಮಾನದೊಂದಿಗೆ ಅದನ್ನು ಹೋಲಿಸಿ ನೋಡಿದರೆ, ಮುಖ್ಯ ಫಲಿತಾಂಶ ಒಂದೇ ನೋಟಕ್ಕೆ ಸಿಕ್ಕಿತೇ ಎಂಬುದಕ್ಕೆ ಅಳತೆಗೋಲು ಸಿಗುತ್ತದೆ. ಇಬ್ಬರು ತೀರ್ಪುಗಾರರ ಅಂಕದಲ್ಲಿ ಬಹಳ ಅಂತರ ಬಂದರೆ ವಾದ ಮಾಡುವ ಬದಲು ಇಬ್ಬರೂ ಬರೆದ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟರಾಯಿತು.

ಹತ್ತು ಸೆಕೆಂಡು ಕಡಿಮೆ ಅನ್ನಿಸಬಹುದು. ಆದರೆ ನೂರು ಪೋಸ್ಟರಿರುವ ಹಾಲಿನಲ್ಲಿ ಒಂದೂವರೆ ಗಂಟೆಯ ಅವಧಿ ಇದ್ದರೆ ಒಂದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ, ಅದರಲ್ಲಿ ನಡೆಯುವ ಹೊತ್ತೂ ಸೇರಿದೆ. ಬಹುಪಾಲು ಜನ ಕಾಫಿ ಲೋಟ ಹಿಡಿದು ಹಾದುಹೋಗುವವರು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್ 2019ರಲ್ಲಿ ಒಂದು ಕಾರ್ಟೂನ್ ವಿಡಿಯೊ ಮಾಡಿ ಇಂಥವರನ್ನೇ ಗಮನಕ್ಕೆ ತಂದರು. ಅವರು ಸೂಚಿಸಿದ ವಿನ್ಯಾಸದಲ್ಲಿ ಪೋಸ್ಟರಿನ ನಡುಭಾಗದ ತುಂಬ ಮುಖ್ಯ ಫಲಿತಾಂಶ ಸರಳ ಮಾತಿನಲ್ಲಿ, ದೊಡ್ಡ ಅಕ್ಷರದಲ್ಲಿ ಇರುತ್ತದೆ. ವಿಧಾನ, ಅಂಕಿಅಂಶಗಳು ಅಕ್ಕಪಕ್ಕದ ಕಿರುಪಟ್ಟಿಗಳಿಗೆ ಸರಿಯುತ್ತವೆ, ಪೂರ್ತಿ ವಿವರ ಬೇಕಾದವರಿಗೆ ಕ್ಯೂಆರ್ ಕೋಡ್ ಇರುತ್ತದೆ. ಈ ಮಾದರಿ ಬೇಗ ಹರಡಿತು, ಟೀಕೆಯನ್ನೂ ಕೇಳಿಸಿಕೊಂಡಿತು. ಎಲ್ಲ ಪೋಸ್ಟರೂ ಹಾಗೇ ಇರಬೇಕು ಎಂದು ನನಗನ್ನಿಸುವುದಿಲ್ಲ. ಆದರೆ ಅದು ಕೇಳುವ ಪ್ರಶ್ನೆಯನ್ನು ಎಲ್ಲ ಪೋಸ್ಟರಿಗೂ ಕೇಳಬಹುದು.

ಒಂದು ಪೋಸ್ಟರನ್ನು ಕಲ್ಪಿಸಿಕೊಂಡು ಅಂಕ ಹಾಕಿ ನೋಡೋಣ. ಒಟ್ಟು 20 ಅಂಕ: ಒಂದೇ ನೋಟದ ಸ್ಪಷ್ಟತೆಗೆ 8, ಕಣ್ಣಿಗೆ ಕಾಣುವ ಕ್ರಮಕ್ಕೆ 6, ಬರಹದ ಬಿಗಿಗೆ 6. ಪೋಸ್ಟರಿನ ಶೀರ್ಷಿಕೆ, "ನಗರ ಪ್ರದೇಶದ ಮನೆಗಳ ನೀರು ಸಂಗ್ರಹಣಾ ಪಾತ್ರೆಗಳಲ್ಲಿ ಈಡಿಸ್ ಸೊಳ್ಳೆಯ ಲಾರ್ವಾಗಳ ಇರುವಿಕೆ: ಒಂದು ತುಲನಾತ್ಮಕ ಅಧ್ಯಯನ". ವಿದ್ಯಾರ್ಥಿಗಳು 120 ಡ್ರಮ್ಮುಗಳೊಳಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕಿದ್ದಾರೆ ಎಂದಿಟ್ಟುಕೊಳ್ಳಿ. ಬಾಯ್ತೆರೆದಿದ್ದ 40ರಲ್ಲಿ 22ಕ್ಕೆ, ಸಡಿಲ ಮುಚ್ಚಳವಿದ್ದ 40ರಲ್ಲಿ 19ಕ್ಕೆ, ಬಟ್ಟೆ ಬಿಗಿದು ಕಟ್ಟಿದ್ದ 40ರಲ್ಲಿ 3ಕ್ಕೆ ಮರಿ ಇತ್ತು. ಡ್ರಮ್ಮಿಗೆ ಮುಚ್ಚಳ ಹಾಕಿದರೆ ಸಾಕು ಎಂದು ನಂಬಿದವರು ನಿಂತು ಓದಬೇಕಾದ ಸುದ್ದಿ ಇದು.

ಆದರೆ ಎರಡು ಮಾರು ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಎರಡು ಮೂಲೆಯ ಲಾಂಛನಗಳು. ಆಮೇಲೆ ಹಿನ್ನೆಲೆಯಲ್ಲಿ ಮಸುಕಾಗಿ ಹಾಕಿದ ಸೊಳ್ಳೆಯ ಫೋಟೊ. ನಾಲ್ಕು ನಕ್ಷೆಗಳಿವೆ, ನಾಲ್ಕೂ ಒಂದೇ ಗಾತ್ರ, ನಾಲ್ಕಕ್ಕೂ ಏಳೆಂಟು ಬಣ್ಣ. ಶೀರ್ಷಿಕೆ ಓದಿದರೆ ಏನನ್ನು ಅಧ್ಯಯನ ಮಾಡಿದರು ಎಂದು ತಿಳಿಯುತ್ತದೆ, ಏನು ಸಿಕ್ಕಿತೆಂದು ತಿಳಿಯುವುದಿಲ್ಲ. ಹತ್ತು ಸೆಕೆಂಡಾದ ಮೇಲೆ ನಾನು ಬರೆಯಬಹುದಾದದ್ದು "ಡ್ರಮ್ಮು, ಸೊಳ್ಳೆ, ಏನೋ ಹೋಲಿಕೆ" ಇಷ್ಟೇ. ವಿಷಯವಾದರೂ ಗೊತ್ತಾಯಿತಲ್ಲ ಎಂದು ಎಂಟಕ್ಕೆ ಒಂದು ಅಂಕ.

ಕ್ರಮವನ್ನು ಅಳೆಯಲು ಕಣ್ಣನ್ನು ಅರೆಮುಚ್ಚಿ ನೋಡುವುದು ಹಳೆಯ ಉಪಾಯ. ಅಕ್ಷರಗಳು ಕರಗಿ ಬರೀ ಗಾತ್ರ, ಬಣ್ಣ, ಖಾಲಿ ಜಾಗ ಉಳಿಯುತ್ತವೆ. ಆಗ ಮೊದಲು, ಎರಡನೆಯದು, ಮೂರನೆಯದು ಎಂದು ಎದ್ದು ಕಾಣುವ ಮೂರನ್ನು ಗುರುತು ಮಾಡಿಕೊಳ್ಳಬೇಕು. ಅವು ಫಲಿತಾಂಶದ ವಾಕ್ಯ, ಅದಕ್ಕೆ ಆಧಾರವಾದ ನಕ್ಷೆ, ಶೀರ್ಷಿಕೆ ಆಗಿದ್ದರೆ ಒಳ್ಳೆಯ ಅಂಕ. ಲಾಂಛನ, ಫೋಟೊ, ಬಣ್ಣದ ಪಟ್ಟಿ ಆಗಿದ್ದರೆ ಇಲ್ಲ. ಈ ಪೋಸ್ಟರಿನಲ್ಲಿ ಇನ್ನೊಂದು ತೊಂದರೆಯಿದೆ. ತೀರ್ಮಾನವನ್ನು ಬಲಗಡೆ ಕೆಳಮೂಲೆಯಲ್ಲಿ, ಮಂಡಿಯ ಮಟ್ಟದಲ್ಲಿ ಹಾಕಿದ್ದಾರೆ. ಅಲ್ಲಿ ಓದಬೇಕಾದರೆ ಕುಕ್ಕರುಗಾಲಿನಲ್ಲಿ ಕೂರಬೇಕು, ತುಂಬಿದ ಹಾಲಿನಲ್ಲಿ ಯಾರೂ ಕೂರುವುದಿಲ್ಲ. ಅಂಕಣಗಳಾದರೂ ಎಡದಿಂದ ಬಲಕ್ಕೆ ಸರಿಯಾಗಿ ಸಾಗುತ್ತವೆ ಎಂಬ ಕಾರಣಕ್ಕೆ ಆರಕ್ಕೆ ಎರಡು.

ಈಗ ಹತ್ತಿರ ಹೋಗಿ ಬರಹ ನೋಡುವ ಸರದಿ. ಪದಗಳನ್ನು ಎಣಿಸಬಹುದು, ಸಾವಿರ ದಾಟಿದರೆ ನಿಂತು ಓದಲು ಐದು ನಿಮಿಷ ಬೇಕು, ನಾನೂರು ಐನೂರರೊಳಗೆ ಇದ್ದರೆ ಹಿತ. ಆದರೆ ಎಣಿಕೆಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಈ ವಾಕ್ಯ ತೆಗೆದರೆ ಯಾರಿಗೆ ನಷ್ಟ? ಪೀಠಿಕೆಯಲ್ಲಿ ಡೆಂಗಿ ಎಂದರೇನು, ಎಲ್ಲೆಲ್ಲಿ ಹರಡಿದೆ ಎಂದು ದೊಡ್ಡ ಪ್ಯಾರಾ ಇದೆ. ಆ ಹಾಲಿನಲ್ಲಿ ಅದು ಗೊತ್ತಿಲ್ಲದವರೇ ಇಲ್ಲ. ಹನ್ನೆರಡು ಸಾಲಿನ ಕೋಷ್ಟಕ ಹೇಳುವುದನ್ನೇ ಪಕ್ಕದ ನಕ್ಷೆಯೂ ಹೇಳುತ್ತದೆ, ಕೆಳಗಿನ ವಾಕ್ಯ ಮೂರನೇ ಸಲ ಹೇಳುತ್ತದೆ. ಅದೇ ಹೊತ್ತಿಗೆ ಬೇಕಾದ ಸಂಗತಿ, ಅಂದರೆ ಸಡಿಲ ಮುಚ್ಚಳ ಎಂದು ಯಾವುದನ್ನು ಕರೆದರು ಎಂಬುದು, ಎಲ್ಲೂ ಇಲ್ಲ. ಸಂಕ್ಷಿಪ್ತ ಎಂದರೆ ಹೀಗೆ ಬೇಕಾದದ್ದು ಉಳಿದು ಬೇಡದ್ದು ಹೋಗಿರುವುದು. ಆರಕ್ಕೆ ಎರಡು, ಒಟ್ಟು ಐದು.

ಅಕ್ಷರದ ಗಾತ್ರವನ್ನು ಮುದ್ರಿಸುವ ಮೊದಲೇ ಪರೀಕ್ಷಿಸಿಕೊಳ್ಳಲು ಸುಲಭದ ಲೆಕ್ಕವಿದೆ. ಪೋಸ್ಟರಿನ ಎ0 ಹಾಳೆ ಎ4 ಹಾಳೆಗಿಂತ ಉದ್ದಗಲ ಎರಡರಲ್ಲೂ ನಾಲ್ಕು ಪಟ್ಟು. ಪೂರ್ತಿ ಪೋಸ್ಟರನ್ನು ಒಂದು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದರೆ 24 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಗುತ್ತದೆ. ಆ ಹಾಳೆಯನ್ನು 40 ಸೆಂಟಿಮೀಟರ್ ದೂರ ಹಿಡಿದು ನೋಡುವುದೂ ದೊಡ್ಡದನ್ನು 1.6 ಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ. ಕೈಯಲ್ಲಿ ಓದಲಾಗದ್ದನ್ನು ಗೋಡೆಯ ಮೇಲೂ ಓದಲಾಗುವುದಿಲ್ಲ.

ಅದೇ ವಿದ್ಯಾರ್ಥಿಗಳು ಪೋಸ್ಟರನ್ನು ತಿದ್ದಿ ತಂದರು ಎಂದುಕೊಳ್ಳೋಣ. ನಡುವೆ ದೊಡ್ಡದಾಗಿ, "ಸಡಿಲ ಮುಚ್ಚಳವೂ ಒಂದೇ, ತೆರೆದ ಬಾಯಿಯೂ ಒಂದೇ, ಬಟ್ಟೆ ಬಿಗಿದು ಕಟ್ಟಿದರೆ ಡೆಂಗಿ ತಡೆಯಬಹುದು". ಕೆಳಗೆ ಮೂರೇ ಕಂಬಗಳ ನಕ್ಷೆ: 22, 19, 3. ಮೂರನೇ ಕಂಬಕ್ಕೆ ಮಾತ್ರ ಗಾಢ ನೀಲಿ, ಉಳಿದೆರಡು ಬೂದು. ಲಾಂಛನಗಳು ಸಣ್ಣದಾಗಿ ಕೆಳಗಿಳಿದಿವೆ. ಬರಹ ಅರ್ಧಕ್ಕಿಂತ ಕಡಿಮೆಯಾಗಿದೆ. ಹತ್ತು ಸೆಕೆಂಡಿಗೆ ವಾಕ್ಯ ತಾನಾಗಿಯೇ ಬಂತು. ಪೂರ್ತಿ ಅಂಕ ಕೊಟ್ಟುಬಿಡೋಣವೆನ್ನಿಸುವುದು ಇಲ್ಲೇ.

ಕೊಡಬಾರದು. ಇವರು ಲೆಕ್ಕ ಹಾಕಿದ್ದು ಸೊಳ್ಳೆಮರಿ ಇರುವ ಡ್ರಮ್ಮುಗಳನ್ನು, ಡೆಂಗಿ ರೋಗಿಗಳನ್ನಲ್ಲ. ಬಟ್ಟೆ ಕಟ್ಟುವ ಮನೆಯವರು ಡ್ರಮ್ಮನ್ನು ವಾರ ವಾರ ತೊಳೆಯುವವರೂ ಆಗಿದ್ದರೆ ಗೆದ್ದದ್ದು ಬಟ್ಟೆಯೋ ತೊಳೆಯುವುದೋ ಈ ಅಧ್ಯಯನ ಹೇಳಲಾರದು. 22 ಮತ್ತು 19ರ ನಡುವೆ ವ್ಯತ್ಯಾಸ ಸಿಗಲಿಲ್ಲ ಎನ್ನಬಹುದು, ಎರಡೂ ಒಂದೇ ಎನ್ನಲು ನಲವತ್ತು ಡ್ರಮ್ಮು ಸಾಲದು. ಅಕ್ಷರ ದೊಡ್ಡದಾದಷ್ಟೂ ಇಂಥ ಜಾರುವಿಕೆಯ ಬೆಲೆ ಹೆಚ್ಚುತ್ತದೆ, ಏಕೆಂದರೆ ಹಾದುಹೋಗುವವರು ಮನೆಗೊಯ್ಯುವುದು ಆ ಒಂದು ಸಾಲನ್ನೇ. "ಸಡಿಲ ಮುಚ್ಚಳದ ಡ್ರಮ್ಮುಗಳಲ್ಲೂ ಹೆಚ್ಚುಕಡಿಮೆ ಅರ್ಧದಲ್ಲಿ ಸೊಳ್ಳೆಮರಿ, ಬಟ್ಟೆ ಬಿಗಿದವುಗಳಲ್ಲಿ 40ಕ್ಕೆ 3" ಎಂದು ಬರೆದಿದ್ದರೆ ಅಷ್ಟೇ ಬೇಗ ಓದಿಸಿಕೊಳ್ಳುತ್ತಿತ್ತು, ನಿಜವೂ ಆಗಿರುತ್ತಿತ್ತು. ಒಂದೇ ನೋಟದ ಎಂಟರಲ್ಲಿ ಮೂರು ಕಳೆದು ಐದು. ಕ್ರಮಕ್ಕೆ ಆರಕ್ಕೆ ಆರು. ಸಡಿಲ ಮುಚ್ಚಳದ ವಿವರಣೆ ಇನ್ನೂ ಬಂದಿಲ್ಲದ್ದರಿಂದ ಬರಹಕ್ಕೆ ಐದು. ಒಟ್ಟು 16. ಇಷ್ಟನ್ನೂ ಬರೆದಾದ ಮೇಲೆ ವಿದ್ಯಾರ್ಥಿಗಳತ್ತ ತಿರುಗಿ, "ಈಗ ಹೇಳಿ, ಸಡಿಲ ಅಂದ್ರೆ ಎಷ್ಟು ಸಡಿಲ?" ಎಂದು ಕೇಳಬಹುದು. ಅವರ ಉತ್ತರದ ಅಂಕಕ್ಕೆ ಬೇರೆ ಅಂಕಣವಿದೆ.