ಗರ್ಭಿಣಿಯರಿಗೆ ಹೆಜ್ಜೆ ಇಟ್ಟರೆ ನೋವೇಕೆ?

ಎಂಟನೇ ತಿಂಗಳಲ್ಲಿ ನಡೆಯುವಾಗ, ಮಗ್ಗುಲು ಬದಲಿಸುವಾಗ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಲ್ಲಿ ಚುಚ್ಚಿದಂತಾದರೆ ಹಲವರು ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಸಾಮಾನ್ಯವಾಗಿ ಕಾರಣ ಬೇರೆ. ಸೊಂಟದ ಎರಡು ಮೂಳೆಗಳು ಮುಂಭಾಗದಲ್ಲಿ ಕೂಡುವ ಕೀಲಿನ ಅಸ್ಥಿರಜ್ಜುಗಳು ಹೆರಿಗೆಗೆ ಅನುಕೂಲವಾಗಲೆಂದು ಸಡಿಲವಾಗುತ್ತವೆ. ಎರಡೂ ಬದಿ ಸಮನಾಗಿ ಅಲುಗದಿದ್ದರೆ ಅಲ್ಲಿ ನೋವು. ಇದನ್ನೇ ಸಿಂಫಿಸಿಸ್ ಪ್ಯೂಬಿಸ್ ಡಿಸ್‌ಫಂಕ್ಷನ್ ಎನ್ನುತ್ತೇವೆ. ಮಗುವಿಗೆ ಇದರಿಂದ ಅಪಾಯವಿಲ್ಲ.

ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ, ತೊಡೆಗಳು ಅಗಲವಾದಾಗ ಈ ಕೀಲು ಎಳೆಯುತ್ತದೆ. ಹಾಗಾಗಿ ನಿಂತು ಒಂದೊಂದೇ ಕಾಲೆತ್ತಿ ಸಲ್ವಾರ್ ತೊಡುವ ಬದಲು ಕುಳಿತು ತೊಡಿ. ಮಂಚದಲ್ಲಿ ಮಂಡಿಗಳನ್ನು ಜೋಡಿಸಿಕೊಂಡೇ ಹೊರಳಿ. ಮಲಗಿದಾಗ ಅವುಗಳ ನಡುವೆ ದಿಂಬಿರಲಿ. ಪ್ರತಿ ಮೆಟ್ಟಿಲಿನಲ್ಲೂ ಎರಡೂ ಪಾದ ಊರಿದ ಮೇಲೆಯೇ ಮುಂದಿನದು. ಇಷ್ಟಾದರೂ ತಗ್ಗದಿದ್ದರೆ ಫಿಸಿಯೋಥೆರಪಿಸ್ಟ್ ವ್ಯಾಯಾಮ ಕಲಿಸುತ್ತಾರೆ, ಬೇಕಿದ್ದರೆ ಸೊಂಟದ ಬೆಲ್ಟ್ ಕೊಡುತ್ತಾರೆ.

ಜ್ವರ, ಉರಿಮೂತ್ರ, ರಕ್ತಸ್ರಾವ ಅಥವಾ ಬಿಟ್ಟುಬಿಟ್ಟು ಬರುವ ಹೊಟ್ಟೆನೋವಿದ್ದರೆ ಕೂಡಲೇ ವೈದ್ಯರನ್ನು ಕಾಣಿ.