ಸಂದಿನಲ್ಲಿ ಕೂತ ಕಪ್ಪು

ಸಾಗರದ ಬಳಿಯ ಒಂದು ಹಳೆಯ ಮನೆ. ಹಿಂಬದಿಯಲ್ಲಿ ಹಂಡೆ, ಒಲೆ ಇರುವ ಬಚ್ಚಲು ಈಗಲೂ ಇದೆ. ಮುಂದಿನ ಕೋಣೆಗೆ ಐದು ವರ್ಷದ ಹಿಂದೆ ಬಿಳಿ ಟೈಲ್ಸಿನ ಬಾತ್‌ರೂಮು ಸೇರಿಸಿದ್ದಾರೆ. ಹಳೆಯ ಬಚ್ಚಲಿನ ಗೋಡೆಗೆ ಹೊಗೆಯ ಮಸಿ ಹಿಡಿದಿದೆ, ಆದರೆ ಬೂಷ್ಟು ಹಿಡಿದಿಲ್ಲ. ಬೆಳಿಗ್ಗೆ ಉರಿಯುವ ಒಲೆ ಮಧ್ಯಾಹ್ನದೊಳಗೆ ಜಾಗವನ್ನೆಲ್ಲ ಒಣಗಿಸಿಬಿಡುತ್ತದೆ. ಹೊಸ ಬಾತ್‌ರೂಮಿನಲ್ಲಿ ಗೀಸರ್ ಇದೆ, ಶವರಿಗೆ ಗಾಜಿನ ಪಾರ್ಟಿಷನ್ ಇದೆ. ಆಷಾಢ ಕಳೆಯುವಷ್ಟರಲ್ಲಿ ಆ ಗಾಜಿನ ಬುಡದ ಸಿಲಿಕೋನ್ ಪಟ್ಟಿಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳೂ ಬಂದಿರುತ್ತವೆ. ಟೈಲ್ಸಿನ ಸಂದುಗಳಲ್ಲಿ ಅದೇ ಕಪ್ಪು ಗೆರೆಯಾಗಿ ಹರಡಿರುತ್ತದೆ.

ಮನೆಯ ಸೊಸೆ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅಂಗಡಿಯಿಂದ ಆಸಿಡ್ ಬಾಟಲಿ ತಂದು ಸುರಿದು, ತಂತಿ ಬ್ರಷ್ಷಿನಲ್ಲಿ ಉಜ್ಜಿದರು. ನೊರೆ ಎದ್ದಿತು, ಸಂದುಗಳು ಹಾಲಿನ ಹಾಗೆ ಬೆಳ್ಳಗಾದವು. ತಿಂಗಳೊಳಗೆ ಕಪ್ಪು ಮೊದಲಿಗಿಂತ ದಟ್ಟವಾಗಿ ವಾಪಸು ಬಂತು. ಕಡೆಗೆ ಟೈಲ್ಸ್ ಹಾಕಿದ ಮೇಸ್ತ್ರಿಯನ್ನೇ ಕರೆಸಿದರು. ಅವರು ಸಂದಿನ ಮೇಲೆ ಉಗುರು ಎಳೆದು ನೋಡಿ, ಉದುರಿದ ಪುಡಿಯನ್ನು ತೋರಿಸಿದರು.

‘ಆಸಿಡ್ ಹಾಕಿದ್ರಾ ಅಕ್ಕಾ?’

‘ಹೂಂ. ಚೆನ್ನಾಗಿ ಬೆಳ್ಳಗಾಗಿತ್ತಲ್ಲ.’

‘ಬೆಳ್ಳಗಾಗಿದ್ದಲ್ಲ ಅಕ್ಕಾ, ಸವೆದಿದ್ದು.’

ವಿಷಯ ಅಷ್ಟೇ. ಟೈಲ್ಸ್ ನಡುವೆ ತುಂಬುವ ವೈಟ್ ಸಿಮೆಂಟಾಗಲಿ ಪ್ಯಾಕೆಟ್ಟಿನ ಗ್ರೌಟಾಗಲಿ ಮೂಲತಃ ಸಿಮೆಂಟೇ. ಆಸಿಡ್ ಬೂಷ್ಟನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೂಷ್ಟು ಕೂತ ಸಿಮೆಂಟಿನ ಮೇಲ್ಪದರವನ್ನೇ ಕರಗಿಸುತ್ತದೆ. ಹಾಗಾಗಿ ಕೆಳಗಿನ ಹೊಸ ಪದರ ಕಾಣುತ್ತದೆ, ಕಣ್ಣಿಗೆ ಬಿಳಿ. ಆದರೆ ಈ ಹೊಸ ಮೈ ಮೊದಲಿನದಕ್ಕಿಂತ ಒರಟು, ತೂತು ಹೆಚ್ಚು, ನೀರು ಕುಡಿಯುವುದೂ ಹೆಚ್ಚು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು.

ಮಲೆನಾಡಿನಲ್ಲಿ ಇದನ್ನು ‘ಪಾಚಿ’ ಎನ್ನುವವರೇ ಹೆಚ್ಚು. ಅಂಗಳದಲ್ಲಿ ಕಾಲು ಜಾರಿಸುವ ಹಸಿರು ಪಾಚಿ ಬೇರೆ, ಅದಕ್ಕೆ ಬೆಳಕು ಬೇಕು. ಬಾತ್‌ರೂಮಿನ ಕಪ್ಪು ಬಹುಪಾಲು ಶಿಲೀಂಧ್ರ. ಕತ್ತಲಾದರೂ ಅದಕ್ಕೆ ಅಡ್ಡಿಯಿಲ್ಲ. ತೇವ ಮತ್ತು ಒಂದಿಷ್ಟು ಆಹಾರ ಇದ್ದರೆ ಸಾಕು. ಆಹಾರ ಸಿಲಿಕೋನೂ ಅಲ್ಲ, ಸಿಮೆಂಟೂ ಅಲ್ಲ. ಮೈಯಿಂದ ಇಳಿದ ಎಣ್ಣೆ, ಚರ್ಮದ ಸಿಪ್ಪೆ, ಸೋಪು ಶಾಂಪುವಿನ ಜಿಡ್ಡು, ಇವೇ ಅದರ ಊಟ. ಅಭ್ಯಂಜನದ ಮರುದಿನ ಸಂದಿನ ಮೇಲೆ ಬೆರಳಾಡಿಸಿದರೆ ಜಿಡ್ಡು ಕೈಗೇ ಸಿಗುತ್ತದೆ. ಇಂಥ ಶಿಲೀಂಧ್ರಗಳ ಜೀವಕೋಶದ ಗೋಡೆಯಲ್ಲಿ ಮೆಲನಿನ್ ಎಂಬ ಬಣ್ಣವಿರುತ್ತದೆ. ನಮ್ಮ ಕೂದಲಿಗೆ ಕಪ್ಪು ಕೊಡುವ ವರ್ಗದ್ದೇ ಅದು. ಬೂಷ್ಟು ಸತ್ತರೂ ಕಲೆ ಉಳಿಯುವುದು ಇದರಿಂದ.

ಫೋನಿನಲ್ಲಿ ಓಡಾಡುವ ‘ವಿಷಕಾರಿ ಕಪ್ಪು ಬೂಷ್ಟು’ ಬಗ್ಗೆಯೂ ಒಂದು ಮಾತು. ಆ ಹೆಸರು ಪಡೆದ ಸ್ಟ್ಯಾಕಿಬಾಟ್ರಿಸ್ ಸಾಮಾನ್ಯವಾಗಿ ಬೆಳೆಯುವುದು ನೆನೆದ ಕಾಗದ, ರಟ್ಟು, ಜಿಪ್ಸಂ ಬೋರ್ಡಿನ ಕಾಗದದ ಹೊದಿಕೆಯಂಥ ವಸ್ತುಗಳ ಮೇಲೆ. ಟೈಲ್ಸಿನ ಸಂದಿನಲ್ಲಿ ಕಾಣುವುದು ಹೆಚ್ಚಾಗಿ ಕ್ಲಾಡೊಸ್ಪೋರಿಯಂ, ಆರಿಯೊಬೆಸಿಡಿಯಂನಂಥ ಸಾಧಾರಣ ಜಾತಿಗಳು. ಹೆದರಬೇಕಿಲ್ಲ. ಆದರೆ ಆಸ್ತಮಾ ಇದ್ದವರು ಇದನ್ನು ಉಜ್ಜುವ ಕೆಲಸ ಬೇರೆಯವರಿಗೆ ಬಿಡುವುದು ವಾಸಿ.

ಈ ಕಲೆಗೆ ನಿಜವಾಗಿ ತಾಗುವ ಔಷಧ ದ್ರವರೂಪದ ಬ್ಲೀಚ್, ಅಂದರೆ ನೀರಿನಲ್ಲಿ ಕರಗಿಸಿದ ಸೋಡಿಯಂ ಹೈಪೊಕ್ಲೋರೈಟ್. ಅದು ಬೂಷ್ಟನ್ನು ಕೊಲ್ಲುತ್ತದೆ, ಮೆಲನಿನ್ ಬಣ್ಣವನ್ನೂ ಒಡೆಯುತ್ತದೆ. ಮನೆ ಬಳಕೆಯ ಬಾಟಲಿಯಲ್ಲಿ ಸುಮಾರು ಶೇ. 4-5ರಷ್ಟು ಇರುತ್ತದೆ. ಬಿಸಿಲು, ಸೆಕೆ ತಗುಲಿದರೆ ಬಾಟಲಿಯೊಳಗೇ ಅದರ ಸತ್ವ ಇಳಿಯುತ್ತದೆ. ಕಳೆದ ವರ್ಷ ತಂದು ಕಿಟಕಿಯಲ್ಲಿಟ್ಟ ಬಾಟಲಿಯಿಂದ ಏನೂ ಆಗಲಿಲ್ಲವೆಂದು ದೂರಿದರೆ ಬ್ಲೀಚಿನ ತಪ್ಪಲ್ಲ. ಅಂಗಳದ ಪಾಚಿಗೆ ಎರಚುವ ಬ್ಲೀಚಿಂಗ್ ಪೌಡರನ್ನೇ ಸಂದಿಗೂ ಮೆತ್ತುವವರಿದ್ದಾರೆ. ಅದು ಸುಣ್ಣದ ಬಿಳಿ ಗಸಿಯನ್ನು ಬಿಟ್ಟುಹೋಗುತ್ತದೆ.

ಇಲ್ಲೊಂದು ಅಪಾಯವಿದೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಮೋಡ್ ತೊಳೆಯುವ ದ್ರವಗಳಲ್ಲಿ ಹಲವು ಆಸಿಡ್ಡೇ. ವಿನೆಗರ್ ಕೂಡ ಆಸಿಡ್ಡೇ. ಬಾಗಿಲು ಮುಚ್ಚಿದ ಐದಡಿ ಬಾತ್‌ರೂಮಿನಲ್ಲಿ ಎರಡನ್ನೂ ಒಟ್ಟಿಗೆ ಸುರಿದವರು ಕೆಮ್ಮಿ, ಕಣ್ಣುರಿದು, ಆಸ್ಪತ್ರೆ ಸೇರುವಂತಾಗುತ್ತದೆ. ಅಮೋನಿಯಾ ಇರುವ ಗಾಜು ಕ್ಲೀನರಿನ ಜೊತೆಗೂ ಬ್ಲೀಚ್ ಸೇರಬಾರದು. ಸಾಗರದ ಮನೆಯಲ್ಲಿ ಮೊದಲೇ ಆಸಿಡ್ ಹಾಕಿದ್ದರಿಂದ ಮೇಸ್ತ್ರಿ ಜಾಗವನ್ನೆಲ್ಲ ಧಾರಾಳ ನೀರಿನಲ್ಲಿ ತೊಳೆಸಿ, ಒಂದು ದಿನ ಹಾಗೇ ಬಿಡಿಸಿದರು. ಮರುದಿನ ಕಿಟಕಿ ತೆರೆದು, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಾಟಲಿ ಮುಟ್ಟಿದ್ದು.

ಮೊದಲ ಕೆಲಸ ಜಿಡ್ಡು ತೆಗೆಯುವುದು. ಜಿಡ್ಡಿನ ಮೇಲೇ ಬ್ಲೀಚ್ ಹಾಕಿದರೆ ಅದು ಜಿಡ್ಡಿನ ಜೊತೆಗೇ ಹೋರಾಡಿ ಸೋಲುತ್ತದೆ, ಬೂಷ್ಟಿನವರೆಗೆ ಮುಟ್ಟುವುದೇ ಇಲ್ಲ. ಬಟ್ಟೆ ಸೋಪಿನ ಪುಡಿ, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ತೊಳೆದು ಒರೆಸಿದ ಮೇಲೆ ಒಂದು ಪಾಲು ಬ್ಲೀಚಿಗೆ ನಾಲ್ಕು ಪಾಲು ತಣ್ಣೀರು ಬೆರೆಸಿ ಟೈಲ್ಸ್ ಸಂದುಗಳಿಗೆ ಹಚ್ಚಿದರು. ಹತ್ತು ಹದಿನೈದು ನಿಮಿಷ ಒಣಗದಂತೆ ಮತ್ತೆ ಮತ್ತೆ ಸವರುತ್ತ, ಕೊನೆಗೊಮ್ಮೆ ಬ್ರಷ್ಷಿನಲ್ಲಿ ತಿಕ್ಕಿ ತೊಳೆದರು. ಗೋಡೆಯ ಸಂದುಗಳೆಲ್ಲ ತಿಳಿಯಾದವು. ಬಣ್ಣದ ಗ್ರೌಟ್ ಇದ್ದರೆ ಮಾತ್ರ ಮೂಲೆಯಲ್ಲೊಂದು ಕಡೆ ಹಚ್ಚಿ ನೋಡಿಕೊಳ್ಳಬೇಕು, ಬಣ್ಣ ಮಾಸುವುದುಂಟು. ಸ್ಟೀಲ್ ನಲ್ಲಿಗಳ ಮೇಲೆ ಸಿಡಿದದ್ದನ್ನು ಆಗಲೇ ತೊಳೆಯದಿದ್ದರೆ ಕಲೆ ಬೀಳುತ್ತದೆ.

ಸಿಲಿಕೋನಿನ ಕಥೆ ಬೇರೆ. ಅದು ರಬ್ಬರಿನ ಹಾಗೆ ನುಣುಪು; ನೀರು ಒಳಗಿಳಿಯುವುದಿಲ್ಲ, ಬ್ಲೀಚೂ ಒಳಗಿಳಿಯುವುದಿಲ್ಲ. ಆದರೆ ಬೂಷ್ಟಿನ ನೂಲಿನಂಥ ಎಳೆಗಳು ತಿಂಗಳುಗಟ್ಟಲೆ ಸಮಯ ಸಿಕ್ಕಾಗ ಅದರ ಮೈಯೊಳಗೆ ಹೊಕ್ಕಿರುತ್ತವೆ. ಮೇಲೊಮ್ಮೆ ಸವರಿದ ಬ್ಲೀಚ್ ಎರಡು ನಿಮಿಷದಲ್ಲಿ ಜಾರಿ ಮೋರಿ ಸೇರುತ್ತದೆ. ಬಲ ಹಾಕಿ ಉಜ್ಜಿದರೆ ಸಿಲಿಕೋನ್ ಗೀರಿ, ಬೂಷ್ಟಿಗೆ ಇನ್ನಷ್ಟು ಹಿಡಿತ ಸಿಗುತ್ತದೆ. ಇಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ಹೊತ್ತು.

ಮೇಸ್ತ್ರಿ ಮೆಡಿಕಲ್ ಶಾಪಿನ ಹತ್ತಿ ಸುರುಳಿ ತರಿಸಿ, ಅದನ್ನು ಉದ್ದಕ್ಕೆ ಹರಿದು ಅಂಗೈಯಲ್ಲಿ ಹೊಸೆದರು. ದೀಪದ ಬತ್ತಿಯದೇ ಆಕಾರ, ಕಿರುಬೆರಳಿನ ದಪ್ಪ. ನೀರು ಬೆರೆಸದ ಬ್ಲೀಚಿನಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಸಿಲಿಕೋನ್ ಪಟ್ಟಿಯುದ್ದಕ್ಕೂ ಒತ್ತಿ ಕೂರಿಸಿದರು. ಅದರ ಮೇಲೆ ಪ್ಲಾಸ್ಟಿಕ್ ಕವರ್ ಕತ್ತರಿಸಿ ಪಟ್ಟಿ ಮಾಡಿ ಹೊದಿಸಿದರು, ಹತ್ತಿ ಒಣಗಬಾರದಲ್ಲ. ಮಕ್ಕಳು ಹೋಗದಂತೆ ಬಾಗಿಲಿಗೆ ಚಿಲಕ, ಒಳಗೆ ಎಕ್ಸಾಸ್ಟ್ ಫ್ಯಾನ್. ರಾತ್ರಿಯಿಡೀ ಹಾಗೇ.

ಬೆಳಿಗ್ಗೆ ಬತ್ತಿ ಎತ್ತಿದಾಗ ಎರಡು ಬಗೆಯ ಫಲ ಕಂಡಿತು. ಗೋಡೆ ನೆಲ ಸೇರುವ ಮೂಲೆಯ ಪಟ್ಟಿ ಪೂರ್ತಿ ಬೆಳ್ಳಗಾಗಿತ್ತು. ಗಾಜಿನ ಬುಡದ ಪಟ್ಟಿಯಲ್ಲಿ ಮಾತ್ರ ಮೇಲಿನ ಚುಕ್ಕೆಗಳು ಹೋಗಿ, ಒಳಗಿನಿಂದ ಒಂದು ಬೂದು ನೆರಳು ಹಾಗೇ ಉಳಿದಿತ್ತು. ಇದನ್ನು ಮೊದಲೇ ತಿಳಿಯುವ ಉಪಾಯವೂ ಇದೆ: ಕಪ್ಪಿನ ಮೇಲೆ ಒಂದು ಹನಿ ಬ್ಲೀಚ್ ಬಿಟ್ಟು ಕೆಲವು ನಿಮಿಷ ಕಾಯುವುದು. ಬಣ್ಣ ತಿಳಿಯಾದರೆ ಬೂಷ್ಟು ಮೇಲಿದೆ. ಚೂರೂ ಕದಲದಿದ್ದರೆ ಅದು ಬರಿಯ ಕೊಳೆಯಾಗಿರಬೇಕು, ಇಲ್ಲವೇ ಸಿಲಿಕೋನಿನ ಅಡಿಯಲ್ಲಿರಬೇಕು. ಎರಡು ರಾತ್ರಿ ಬತ್ತಿ ಇಟ್ಟರೂ ಹೋಗದ ಕಪ್ಪಿಗೆ ಮೂರನೆಯ ರಾತ್ರಿ ದಂಡ.

ಹಾಗಾಗಿ ಬ್ಲೇಡು ಬಂತು. ಗಾಜಿನ ಕಡೆಗೊಂದು, ಟೈಲ್ಸಿನ ಕಡೆಗೊಂದು ಸೀಳು ಹಾಕಿ ತುದಿ ಹಿಡಿದೆಳೆದಾಗ ಪಟ್ಟಿ ಹುಣಸೆಯ ನಾರಿನಂತೆ ಉದ್ದಕ್ಕೆ ಕಿತ್ತು ಬಂತು. ಅಡಿಭಾಗ ಪೂರ್ತಿ ಕಪ್ಪು, ಲೋಳೆ, ಕೊಳೆತ ನೀರಿನ ವಾಸನೆ. ಒಂದು ತುದಿಯಲ್ಲಿ ಅಂಟು ಬಿಟ್ಟು, ಐದು ವರ್ಷದಿಂದ ದಿನವೂ ನೀರು ಒಳಕ್ಕೆ ಹೋಗಿ ನಿಂತಿತ್ತು. ಇದಕ್ಕೆ ಮೇಲಿನಿಂದ ಎಷ್ಟು ಬ್ಲೀಚ್ ಇಟ್ಟರೂ ಮುಟ್ಟುವಂತಿರಲಿಲ್ಲ.

ಹೊಸ ಸಿಲಿಕೋನ್ ಹಾಕುವಾಗ ಜನ ತಪ್ಪುವುದು ಒಣಗಿಸುವುದರಲ್ಲಿ. ಹಳೆಯದರ ಮೇಲೇ ಹೊಸದನ್ನು ಬಳಿಯುವವರೂ ಇದ್ದಾರೆ. ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನೂ ಸರಿಯಾಗಿ ಅಂಟುವುದಿಲ್ಲ, ಪೊರೆಯಂತೆ ಎದ್ದುಬರುತ್ತದೆ. ಮೇಸ್ತ್ರಿ ಉಳಿದ ಚೂರುಗಳನ್ನೆಲ್ಲ ಕೆರೆದು, ಸಂದಿಗೆ ಬ್ಲೀಚ್ ನೀರು ಹಚ್ಚಿ ತೊಳೆದು, ಒಂದು ಹಗಲು ಒಂದು ರಾತ್ರಿ ಟೇಬಲ್ ಫ್ಯಾನ್ ಹಚ್ಚಿಟ್ಟರು. ಮಳೆಗಾಲದ ಸಾಗರದಲ್ಲಿ ಅದೂ ಕಡಿಮೆಯೇ. ಮರುದಿನ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗನ್ನಿನಿಂದ ನಿಲ್ಲಿಸದೆ ಒಂದೇ ಎಳೆಯಲ್ಲಿ ಬಿಟ್ಟು, ಬೆರಳಿನಲ್ಲಿ ಒಮ್ಮೆ ತೀಡಿ, ಕೆನೆ ಕಟ್ಟುವ ಮೊದಲೇ ಟೇಪ್ ಎಳೆದರು. ಟ್ಯೂಬಿನ ಮೇಲೆ ‘ಸ್ಯಾನಿಟರಿ’ ಅಥವಾ ‘ಆಂಟಿ ಫಂಗಲ್’ ಎಂದಿರಬೇಕು. ಕಿಟಕಿ ಬಾಗಿಲಿಗೆ ಬಳಸುವ ಸಾದಾ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ಔಷಧ ಇರುವುದಿಲ್ಲ. ಇದ್ದರೂ ಆ ಔಷಧ ನೀರಿನಲ್ಲಿ ವರ್ಷವರ್ಷವೂ ಸ್ವಲ್ಪ ಸ್ವಲ್ಪ ತೊಳೆದುಹೋಗುತ್ತದೆ. ಟ್ಯೂಬಿನ ತಾರೀಕು ಮುಗಿದಿದ್ದರೆ ಅದು ಗಟ್ಟಿಯಾಗುವುದೇ ಅನುಮಾನ. ಹುಳಿ ವಾಸನೆ ಬರುವ ಬಗೆಯನ್ನು ಮಾರ್ಬಲ್ಲಿಗೆ ಹಾಕಬಾರದು, ಕಲ್ಲು ಕಲೆಯಾಗುತ್ತದೆ. ಅದಕ್ಕೆ ‘ನ್ಯೂಟ್ರಲ್’ ಎಂದು ಕೇಳಿ ತರಬೇಕು.

ಆಸಿಡ್ ತಿಂದ ಎರಡಡಿ ಸಂದನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿದರು. ಅದು ನೀರು ಕುಡಿಯುವುದಿಲ್ಲ, ಆದರೆ ದುಬಾರಿ, ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಕೈ ಚುರುಕಿರಬೇಕು. ಇಡೀ ಬಾತ್‌ರೂಮಿಗೆ ಅದನ್ನೇ ಹಾಕಿಸುವ ಯೋಚನೆಯನ್ನು ಮನೆಯವರು ಲೆಕ್ಕ ಕೇಳಿದ ಮೇಲೆ ಬಿಟ್ಟರು.

ಮಳೆಗಾಲದಲ್ಲಿ ಕಿಟಕಿ ತೆರೆದಿಡಿ ಎಂಬ ಸಲಹೆ ಮಲೆನಾಡಿನಲ್ಲಿ ಅಷ್ಟೇನೂ ನಡೆಯುವುದಿಲ್ಲ. ಹೊರಗಿನ ಗಾಳಿಯೇ ಒದ್ದೆ. ಅಲ್ಲಿ ಕೆಲಸಕ್ಕೆ ಬರುವುದು ವೈಪರ್. ಸ್ನಾನ ಮುಗಿದ ಕೂಡಲೇ ಗಾಜು, ಗೋಡೆ, ನೆಲದ ನೀರನ್ನು ಎಳೆದುಬಿಟ್ಟರೆ ಒಣಗಬೇಕಾದ ನೀರಿನ ಬಹುಪಾಲು ಮೋರಿಗೆ ಹೋಗಿರುತ್ತದೆ. ಉಳಿದದ್ದಕ್ಕೆ ಅರ್ಧ ಗಂಟೆ ಫ್ಯಾನ್. ವಾರಕ್ಕೊಮ್ಮೆ ಮೂಲೆಗಳ ಸೋಪಿನ ಜಿಡ್ಡು ತಿಕ್ಕುವುದು.

ಹೊಸ ಪಟ್ಟಿ ಗಟ್ಟಿಯಾಗಲು ಇಪ್ಪತ್ತನಾಲ್ಕು ಗಂಟೆಯಾದರೂ ನೀರು ತಾಗಬಾರದೆಂದು ಮೇಸ್ತ್ರಿ ಹೇಳಿಹೋಗಿದ್ದರು. ಬತ್ತಿ ಇಟ್ಟ ರಾತ್ರಿ, ಫ್ಯಾನ್ ಹಚ್ಚಿದ ದಿನ, ಈ ದಿನ ಎಲ್ಲ ಸೇರಿ ಮನೆಮಂದಿಯೆಲ್ಲ ನಾಲ್ಕು ದಿನ ಹಿಂದಿನ ಬಚ್ಚಲಿನಲ್ಲೇ ಸ್ನಾನ ಮಾಡಿದರು. ಅತ್ತೆ ಒಲೆಗೆ ಅಡಿಕೆ ಹಾಳೆ, ಸೋಗೆ ತುರುಕುತ್ತ, ಮೊಮ್ಮಕ್ಕಳಿಗೆ ಹಂಡೆಯಿಂದ ನೀರು ತೋಡಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟರು.